ಮನೆಯಿಂದ ಬರೆಯುವ ಪರೀಕ್ಷೆ: ಬುಕಿಂಗ್ ಸಂದೇಶವನ್ನು ಓದಿಕೊಳ್ಳುವ ಬಗೆ

ಕೇಳುಗರಿಗೆ ನಮಸ್ಕಾರ.

ಸರ್ಟಿಫಿಕೇಟ್ ಪರೀಕ್ಷೆಗೋ ಭಾಷಾ ಪರೀಕ್ಷೆಗೋ ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕಾಗಿದ್ದವರು ಈಗ ಹಾಸನ, ಚಿಕ್ಕಮಗಳೂರಿನ ಮನೆಯಲ್ಲೇ ಕುಳಿತು ಬರೆಯುವುದು ಸಾಮಾನ್ಯವಾಗಿದೆ. ಕಂಪ್ಯೂಟರಿನ ಕ್ಯಾಮೆರಾ ಮೂಲಕ ಎಲ್ಲೋ ದೂರದಲ್ಲಿ ಕುಳಿತ ಮೇಲ್ವಿಚಾರಕರು ನೋಡುತ್ತಿರುತ್ತಾರೆ. ಶುಲ್ಕ ಕಟ್ಟಿದ ಕೂಡಲೇ ನಿಮ್ಮ ಇ-ಮೇಲ್‌ಗೆ ಒಂದು ಬುಕಿಂಗ್ ಸಂದೇಶ ಬರುತ್ತದೆ. ಬಹಳ ಜನ ಅದರಲ್ಲಿ ದಿನಾಂಕ ಮಾತ್ರ ನೋಡಿ ಮುಚ್ಚಿಡುತ್ತಾರೆ. ಪರೀಕ್ಷೆಯ ದಿನ ಕೈಕೊಡುವ ಸಂಗತಿಗಳಲ್ಲಿ ಹೆಚ್ಚಿನವು ಆ ಸಂದೇಶದ ಉಳಿದ ಸಾಲುಗಳಲ್ಲೇ ಬರೆದಿರುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂಡಿಗೆರೆ ಹತ್ತಿರದ ಹಳ್ಳಿಯೊಂದರ ಅಭ್ಯರ್ಥಿ. ಸಂದೇಶದಲ್ಲಿ ಹೀಗಿದೆ: ಪರೀಕ್ಷೆಯ ಸಮಯ 04:30 ಯುಟಿಸಿ. ಚೆಕ್-ಇನ್ ಮೂವತ್ತು ನಿಮಿಷ ಮೊದಲು ತೆರೆಯುತ್ತದೆ. ನಿಗದಿತ ಸಮಯ ಕಳೆದು ಹದಿನೈದು ನಿಮಿಷವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ, ಶುಲ್ಕ ವಾಪಸ್ ಇಲ್ಲ. ಸಿಸ್ಟಂ ಚೆಕ್ ಅನ್ನು ಮುಂಚಿತವಾಗಿ ಮಾಡಿಕೊಳ್ಳಿ.

ಮೊದಲು ಆ ಯುಟಿಸಿ, ಅಂದರೆ ಜಗತ್ತಿನ ಎಲ್ಲ ಕಡೆಯವರೂ ಲೆಕ್ಕಕ್ಕೆ ಹಿಡಿಯುವ ಸಾಮಾನ್ಯ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಹಾಗಾಗಿ ನಾಲ್ಕೂವರೆ ಅಂದರೆ ನಮಗೆ ಬೆಳಗ್ಗೆ ಹತ್ತು ಗಂಟೆ. ಇನ್ನು ಕೆಲವು ಸಂಸ್ಥೆಗಳು ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ಬರೆಯುತ್ತವೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗಿರುತ್ತದೆ. ನಮ್ಮ ಬೆಳಗಿನ ಹತ್ತು ಗಂಟೆ ಬೇಸಿಗೆಯಲ್ಲಿ ಅವರಿಗೆ ಅದೇ ದಿನ ರಾತ್ರಿ ಹನ್ನೆರಡೂವರೆ. ಚಳಿಗಾಲದಲ್ಲಿ ಹಿಂದಿನ ದಿನ ರಾತ್ರಿ ಹನ್ನೊಂದೂವರೆ. ಗಂಟೆ ಮಾತ್ರವಲ್ಲ, ದಿನಾಂಕವೇ ಬದಲಾಗಿಬಿಡುತ್ತದೆ. ಅದಕ್ಕೇ ಸಂದೇಶ ಬಂದ ದಿನವೇ ಭಾರತೀಯ ಸಮಯಕ್ಕೆ ತಿರುಗಿಸಿ, ವಾರದ ಹೆಸರಿನ ಸಮೇತ ಕ್ಯಾಲೆಂಡರಿನ ಮೇಲೆ ಬರೆದುಬಿಡಿ. ಖಾತೆಗೆ ಲಾಗಿನ್ ಆದರೆ ಅಲ್ಲಿ ಸಮಯವಲಯ ಯಾವುದೆಂದು ತೋರಿಸುವ ಜಾಗ ಇರುತ್ತದೆ. ಅದನ್ನೂ ಒಮ್ಮೆ ನೋಡಿಕೊಳ್ಳಿ.

ಈಗ ನಮ್ಮ ಅಭ್ಯರ್ಥಿಯ ದಿನ ಸ್ಪಷ್ಟವಾಯಿತು. ಒಂಬತ್ತೂವರೆಗೆ ಚೆಕ್-ಇನ್ ತೆರೆಯುತ್ತದೆ, ಹತ್ತಕ್ಕೆ ಪರೀಕ್ಷೆ, ಹತ್ತೂ ಕಾಲಿಗೆ ಬಾಗಿಲು ಮುಚ್ಚುತ್ತದೆ. ಇವುಗಳಲ್ಲಿ ನೀವು ಪಾಲಿಸಬೇಕಾದ ಸಮಯ ಒಂಬತ್ತೂವರೆ. ಹತ್ತು ಗಂಟೆ ಎಂಬುದು ಪ್ರಶ್ನೆಪತ್ರಿಕೆ ತೆರೆಯುವ ಅಂದಾಜು ಅಷ್ಟೆ. ಹತ್ತೂ ಕಾಲು ಎಂಬುದು ನಿಮಗೆ ಕೊಟ್ಟ ರಿಯಾಯಿತಿಯಲ್ಲ, ಏನೋ ಎಡವಟ್ಟಾದರೆ ಸರಿಮಾಡಿಕೊಳ್ಳಲು ಇರುವ ಜಾಗ. ಅದನ್ನು ಮೊದಲೇ ಖರ್ಚು ಮಾಡಿಕೊಂಡರೆ ಲಿಂಕ್ ತೆರೆಯದಿದ್ದಾಗ ಏನೂ ಉಳಿದಿರುವುದಿಲ್ಲ. ಈ ಮೂವತ್ತು, ಹದಿನೈದು ನಿಮಿಷದ ಲೆಕ್ಕ ಎಲ್ಲ ಪರೀಕ್ಷೆಗೂ ಒಂದೇ ಅಲ್ಲ. ನಿಮ್ಮ ಸಂದೇಶದಲ್ಲಿ ಏನಿದೆಯೋ ಅದೇ ಲೆಕ್ಕ. ಇನ್ನೊಂದು ಸೂಕ್ಷ್ಮ: ಗಡುವಿನೊಳಗೆ ಚೆಕ್-ಇನ್ ಶುರುಮಾಡಿರಬೇಕೋ ಮುಗಿಸಿರಬೇಕೋ ಎಂಬುದನ್ನು ನಿಧಾನವಾಗಿ ಓದಿ. ಎರಡರ ನಡುವೆ ಸುಲಭವಾಗಿ ಹದಿನೈದು ನಿಮಿಷದ ಅಂತರವಿದೆ.

ಅಷ್ಟು ಹೊತ್ತು ಚೆಕ್-ಇನ್‌ನಲ್ಲಿ ಏನಿರುತ್ತದೆ ಅಂದರೆ: ಪರೀಕ್ಷೆಯ ತಂತ್ರಾಂಶ ತೆರೆದ ಮೇಲೆ ಸಾಮಾನ್ಯವಾಗಿ ಪರದೆಯ ಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ. ಅದನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನಿಮ್ಮ ಮುಖದ ಫೋಟೊ, ಗುರುತಿನ ಚೀಟಿಯ ಮುಂಭಾಗ ಹಿಂಭಾಗ, ಆಮೇಲೆ ಕೋಣೆಯ ನಾಲ್ಕೂ ಕಡೆಯ ಫೋಟೊ ಕಳಿಸಬೇಕು. ನಂತರ ಸರದಿ. ಮೇಲ್ವಿಚಾರಕರು ಫೋಟೊಗಳನ್ನು ನೋಡಿ ಒಪ್ಪುವವರೆಗೆ ಕಾಯುವ ಪರದೆ ಹಾಗೇ ನಿಂತಿರುತ್ತದೆ. ಕೆಲವೊಮ್ಮೆ ಹತ್ತು ಗಂಟೆ ದಾಟಿದರೂ ನಿಂತೇ ಇರುತ್ತದೆ. ಆಗ ಗಾಬರಿಯಿಂದ ಕಿಟಕಿ ಮುಚ್ಚಿ ಮತ್ತೆ ತೆರೆದರೆ ಸರದಿಯ ಕೊನೆಗೆ ಹೋಗಿಬಿಡಬಹುದು. ನಿಮ್ಮ ಪಾಲಿನ ಹಂತಗಳೆಲ್ಲ ಮುಗಿದಿದ್ದರೆ ಅಲುಗಾಡದೆ ಕುಳಿತಿರುವುದೇ ಸರಿ. ಫೋಟೊ ಕಳಿಸಿದ ಮೇಲೆ ಮೊಬೈಲನ್ನು ಕೈಗೆಟುಕದ ಕಡೆ ಇಡಿ, ಆದರೆ ಸೈಲೆಂಟ್ ಮಾಡಬೇಕೋ ಬೇಡವೋ ಎಂಬುದನ್ನು ಸಂದೇಶದಲ್ಲಿ ನೋಡಿ. ಏನಾದರೂ ತೊಂದರೆಯಾದರೆ ಮೇಲ್ವಿಚಾರಕರು ಫೋನ್ ಮಾಡುವ ಪದ್ಧತಿ ಕೆಲವು ಕಡೆ ಇದೆ. ಅಪರಿಚಿತ ನಂಬರುಗಳನ್ನು ತಡೆಯುವ ಆ್ಯಪ್ ಹಾಕಿಕೊಂಡಿದ್ದರೆ ಆ ದಿನ ಅದನ್ನು ಆಫ್ ಮಾಡಿ.

ಗುರುತಿನ ಚೀಟಿಯ ವಿಷಯಕ್ಕೆ ಬರೋಣ. ನಮ್ಮ ಕಡೆಯವರಿಗೆ ನಿಜವಾದ ತೊಡಕು ಇಲ್ಲೇ ಇದೆ, ಇನಿಷಿಯಲ್ಲುಗಳಿಂದಾಗಿ. ನಮ್ಮ ಅಭ್ಯರ್ಥಿಯ ಹೆಸರು ಪವಿತ್ರ ಅಂತಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್. ಎಸ್. ಪವಿತ್ರ. ಆಧಾರ್‌ನಲ್ಲಿ ಪವಿತ್ರ ಎಚ್ ಎಸ್. ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡೂ ಪೂರ್ತಿ ಬಿಡಿಸಿ ಬರೆದಿದೆ. ಅದೂ ಸಾಲದೆಂಬಂತೆ ಒಂದರಲ್ಲಿ ಇಂಗ್ಲಿಷ್‌ನ 'ಟಿ' ಆದಮೇಲೆ 'ಎಚ್' ಇದೆ, ಇನ್ನೊಂದರಲ್ಲಿ ಇಲ್ಲ. ನಮಗೆ ಮೂರೂ ಒಬ್ಬರೇ. ದೂರದಲ್ಲಿ ಕುಳಿತು ಚೀಟಿಯನ್ನೂ ಬುಕಿಂಗನ್ನೂ ಪಕ್ಕಪಕ್ಕ ಇಟ್ಟು ನೋಡುವವರಿಗೆ ಹಾಗಲ್ಲ. ಬುಕಿಂಗ್‌ನಲ್ಲಿರುವ ಹೆಸರು, ನೀವು ತೋರಿಸುವ ಚೀಟಿಯಲ್ಲಿರುವ ಹೆಸರು, ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಆದ್ದರಿಂದ ಹೆಸರು ನೋಂದಾಯಿಸುವ ಮೊದಲೇ ಯಾವ ಚೀಟಿ ತೋರಿಸುತ್ತೇನೆ ಎಂದು ನಿಶ್ಚಯಿಸಿ, ಅದನ್ನು ಎದುರಿಗಿಟ್ಟುಕೊಂಡು ಟೈಪ್ ಮಾಡಿ. ನೆನಪಿನಿಂದ ಬೇಡ.

ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮಲ್ಲಿ ತುಂಬ ಜನ. ಅರ್ಜಿಯಲ್ಲೋ ಆ ಜಾಗ ತುಂಬಲೇಬೇಕು ಎನ್ನುತ್ತದೆ. ಚುಕ್ಕಿ ಹಾಕಬೇಕೋ, ಹೆಸರನ್ನೇ ಎರಡು ಸಲ ಬರೆಯಬೇಕೋ ಎಂಬುದಕ್ಕೆ ಒಂದೊಂದು ಸಂಸ್ಥೆಯದು ಒಂದೊಂದು ರೀತಿ. ಊಹಿಸಿ ಬರೆಯುವ ಬದಲು ಅವರ ಸಹಾಯವಾಣಿಗೆ ಬರೆದು ಕೇಳಿ, ಬಂದ ಉತ್ತರವನ್ನು ಉಳಿಸಿಕೊಳ್ಳಿ. ಈಗಾಗಲೇ ತಪ್ಪು ಹೆಸರಿನಲ್ಲಿ ಬುಕ್ ಆಗಿದ್ದರೆ ತಿದ್ದುಪಡಿಗೆ ಕೆಲವು ಕೆಲಸದ ದಿನ ಬೇಕಾಗುತ್ತದೆ. ಪರೀಕ್ಷೆಯ ಬೆಳಗ್ಗೆ ಮೇಲ್ವಿಚಾರಕರಿಗೆ ಹೇಳಿ ಬದಲಾಯಿಸಿಕೊಳ್ಳಲು ಆಗುವುದಿಲ್ಲ, ಅವರ ಕೈಯಲ್ಲಿ ಆ ಅಧಿಕಾರವಿಲ್ಲ.

ಯಾವ ಚೀಟಿ ನಡೆಯುತ್ತದೆ ಎಂಬ ಸಾಲಿನಲ್ಲಿ ಒಂದು ಮಾತನ್ನು ಹುಡುಕಿ: ಸಹಿ. ಫೋಟೊ ಮತ್ತು ಸಹಿ ಎರಡೂ ಇರುವ ಸರ್ಕಾರಿ ಗುರುತಿನ ಚೀಟಿ ಎಂದಿದ್ದರೆ ಆಧಾರ್ ಅಲ್ಲಿಗೇ ನಿಂತಿತು, ಅದರಲ್ಲಿ ನಿಮ್ಮ ಸಹಿ ಇಲ್ಲ. ಮತದಾರರ ಚೀಟಿಯದೂ ಅದೇ ಕಥೆ, ಅಲ್ಲಿರುವುದು ಅಧಿಕಾರಿಯ ಸಹಿ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್ ಕಾರ್ಡ್‌ಗಳಲ್ಲಿ ನಿಮ್ಮ ಸಹಿ ಇರುತ್ತದೆ. ಆದರೆ ಅವು ಆ ಪರೀಕ್ಷೆಯ ಪಟ್ಟಿಯಲ್ಲಿ ಇವೆಯೇ ಎಂದು ನೋಡಬೇಕು. ಹಳೆಯ ಆಧಾರ್‌ಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುವುದುಂಟು. ಪೂರ್ತಿ ಜನ್ಮದಿನಾಂಕ ಕೇಳಿದ್ದರೆ ಅದೂ ಸಾಲದು. ಸಾಮಾನ್ಯವಾಗಿ ಮೂಲ ಚೀಟಿಯನ್ನೇ ಕೇಳುತ್ತಾರೆ. ಜೆರಾಕ್ಸ್ ಆಗಲಿ, ಮೊಬೈಲಿನಲ್ಲಿ ಉಳಿಸಿಕೊಂಡ ಚಿತ್ರವಾಗಲಿ ನಡೆಯುವುದಿಲ್ಲ. ಅವಧಿ ಮುಗಿದ ಲೈಸೆನ್ಸಿಗೂ ಅದೇ ಉತ್ತರ.

ಫೋಟೊ ತೆಗೆಯುವಾಗ ಹೊಳಪಿನ ಕಾರ್ಡ್ ತೊಂದರೆ ಕೊಡುತ್ತದೆ. ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಬಿದ್ದು ಹೆಸರಿನ ಮೇಲೆ ಬಿಳಿ ಪಟ್ಟೆ ಬರುತ್ತದೆ, ಫ್ಲ್ಯಾಷ್ ಹಾಕಿದರೆ ಇನ್ನೂ ಹೆಚ್ಚು. ಫ್ಲ್ಯಾಷ್ ಆಫ್ ಮಾಡಿ, ಕಾರ್ಡನ್ನು ಗಾಢ ಬಣ್ಣದ ಬಟ್ಟೆಯ ಮೇಲೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇಡಿ. ಹಿಂದಿನ ದಿನವೇ ಒಂದು ಸಲ ತೆಗೆದು, ದೊಡ್ಡದು ಮಾಡಿ ನೋಡಿ. ಹುಟ್ಟಿದ ದಿನಾಂಕ ನಿಮಗೇ ಓದಲು ಆಗದಿದ್ದರೆ ಅವರಿಗೂ ಆಗುವುದಿಲ್ಲ.

ಉಳಿದದ್ದು ಸಿಸ್ಟಂ ಚೆಕ್. ಸಂದೇಶದಲ್ಲಿ ಇದಕ್ಕೆ ಒಂದು ಲಿಂಕ್ ಇರುತ್ತದೆ. ಒತ್ತಿದರೆ ಕ್ಯಾಮೆರಾ, ಮೈಕ್, ಇಂಟರ್‌ನೆಟ್ ವೇಗ, ಪರೀಕ್ಷೆಯ ತಂತ್ರಾಂಶ ತೆರೆಯುತ್ತದೆಯೇ ಎಂಬುದನ್ನು ಪರಿಶೀಲಿಸುತ್ತದೆ. ಹಸಿರು ಟಿಕ್ ಬಂದರೆ ಅದು ಆ ಕಂಪ್ಯೂಟರಿಗೆ, ಆ ಸಂಪರ್ಕಕ್ಕೆ, ಆ ಹೊತ್ತಿಗೆ ಮಾತ್ರ ಸಿಕ್ಕ ಟಿಕ್. ಹಾಸನದ ಸೈಬರ್ ಸೆಂಟರಿನಲ್ಲಿ ಪಾಸಾಗಿ, ಪರೀಕ್ಷೆಯನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಬರೆದರೆ ಆ ಟಿಕ್‌ಗೆ ಬೆಲೆಯಿಲ್ಲ. ಬುಕ್ ಮಾಡಿದ ದಿನ ಒಮ್ಮೆ ಮಾಡಿ, ಏನಾದರೂ ಕೊರತೆ ಕಂಡರೆ ದಿನಾಂಕ ಬದಲಿಸಲು ಅವಕಾಶವಿರುತ್ತದೆ. ಹಿಂದಿನ ದಿನ ಮತ್ತೊಮ್ಮೆ, ಅದೇ ಕೋಣೆಯಲ್ಲಿ, ಅದೇ ಹತ್ತು ಗಂಟೆಗೆ ಮಾಡಿ.

ಫೇಲಾಗುವುದು ಹೆಚ್ಚಾಗಿ ಯಾವುದರಿಂದ ಅಂದರೆ, ಹಿಂದೆ ಓಡುತ್ತಿರುವ ಬೇರೆ ತಂತ್ರಾಂಶಗಳಿಂದ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶಗಳು, ವಿಪಿಎನ್, ಎರಡನೇ ಮಾನಿಟರ್. ರಿಪೇರಿಯವರು ಎಂದೋ ಎನಿಡೆಸ್ಕ್ ಹಾಕಿ ಹೋಗಿರುತ್ತಾರೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಬೇಡವೇ ಬೇಡ. ಅದರ ಫೈರ್‌ವಾಲ್ ತೆಗೆಯಲು ನಿಮಗೆ ಅನುಮತಿ ಇರುವುದಿಲ್ಲ. ವಿಂಡೋಸ್ ಅಪ್‌ಡೇಟ್ ಬಾಕಿ ಇದ್ದರೆ ಹಿಂದಿನ ರಾತ್ರಿಯೇ ಮುಗಿಸಿ ರೀಸ್ಟಾರ್ಟ್ ಮಾಡಿಡಿ. ವೇಗದಲ್ಲಿ ಡೌನ್‌ಲೋಡ್ ಮಾತ್ರ ನೋಡಿದರೆ ಸಾಲದು. ನಿಮ್ಮ ವೀಡಿಯೊ ಮನೆಯಿಂದ ಹೊರಗೆ ಹೋಗಬೇಕಾದ್ದರಿಂದ ಅಪ್‌ಲೋಡ್ ಅಂಕಿಯೇ ಮುಖ್ಯ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಏರಿಳಿಯುವುದು. ಸಾಧ್ಯವಾದರೆ ರೂಟರ್‌ನಿಂದ ನೇರ ಕೇಬಲ್ ಎಳೆಯಿರಿ.

ಮಲೆನಾಡಿನಲ್ಲಿ ಕರೆಂಟಿನ ಯೋಚನೆಯೂ ಸಿಸ್ಟಂ ಚೆಕ್‌ನದೇ ಭಾಗ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ, ಕರೆಂಟ್ ಹೋದೊಡನೆ ರೂಟರ್ ಆರುತ್ತದೆ. ಫೈಬರ್ ಡಬ್ಬಿ ಮತ್ತು ವೈ-ಫೈ ರೂಟರ್ ಬೇರೆ ಬೇರೆ ಇದ್ದರೆ ಎರಡನ್ನೂ ಯುಪಿಎಸ್‌ಗೆ ಸೇರಿಸಬೇಕು. ಹಿಂದಿನ ದಿನದ ಸಿಸ್ಟಂ ಚೆಕ್ ನಡೆಯುತ್ತಿರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿ ನೋಡಿ, ಸಂಪರ್ಕ ಉಳಿಯುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಹಾಸನದವರು ಸೆಸ್ಕ್, ಚಿಕ್ಕಮಗಳೂರಿನವರು ಮೆಸ್ಕಾಂ ಪ್ರಕಟಿಸುವ ವಿದ್ಯುತ್ ವ್ಯತ್ಯಯದ ಸೂಚನೆಯನ್ನು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಸಮಯ ಆರಿಸುವ ಅವಕಾಶವಿದ್ದರೆ, ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತು ಬೇಡ. ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೇ ಬರುವುದು. ಶೀಟಿನ ಮನೆಯಾದರೆ ಮಳೆಯ ಸದ್ದು ಮೈಕ್‌ಗೂ ತಾಗುತ್ತದೆ.

ಇಷ್ಟೆಲ್ಲ ಆದಮೇಲೂ ಹತ್ತೂ ಕಾಲು ದಾಟಿಹೋಯಿತು ಅಂದುಕೊಳ್ಳಿ. ಪರದೆಯ ಮೇಲೆ ಗೈರುಹಾಜರು ಎಂದು ಬರುತ್ತದೆ. ಆಗ ಮತ್ತೆ ಶುಲ್ಕ ಕಟ್ಟಿ ಬುಕ್ ಮಾಡಲು ಅವಸರಪಡಬೇಡಿ. ಮೊದಲು ಸಂದೇಶದಲ್ಲಿರುವ ಬುಕಿಂಗ್ ಸಂಖ್ಯೆ ಹಾಕಿ ಸಹಾಯವಾಣಿಗೆ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಎಷ್ಟು ಗಂಟೆಗೆ ಚೆಕ್-ಇನ್ ಶುರುಮಾಡಿದಿರಿ, ಯಾವ ಹಂತದಲ್ಲಿ ನಿಂತಿತು, ಪರದೆಯ ಮೇಲೆ ಯಾವ ಮಾತು ಬಂತು, ಈ ಮೂರನ್ನು ಇಸವಿ ತಾರೀಖಿನ ಸಮೇತ ಬರೆಯಿರಿ. ಒಂಬತ್ತೂ ಮೂವತ್ತೆರಡಕ್ಕೆ ನೀವು ಒಳಗೆ ಬಂದಿದ್ದರೆ ಅವರ ದಾಖಲೆಯಲ್ಲೂ ಅದು ಇರುತ್ತದೆ, ತಪ್ಪು ಅವರ ಕಡೆಯದಾಗಿದ್ದರೆ ಮರುಪರೀಕ್ಷೆ ಕೇಳಲು ಅದೇ ಆಧಾರ. ಹತ್ತೂ ಹದಿಮೂರಕ್ಕೆ ಮೊದಲ ಸಲ ಲಿಂಕ್ ಒತ್ತಿದ್ದರೆ ಅದೂ ಅಲ್ಲೇ ಇರುತ್ತದೆ. ನಮಸ್ಕಾರ.