ಡ್ರೈವರ್ ಕೈ ಕೊಟ್ಟ

ಕೇಳುಗರೆ, ನಮಸ್ಕಾರ.

ಒಂದು ಬೆಳಿಗ್ಗೆ ಕ್ಯಾಬ್ ಬರಲೇ ಇಲ್ಲ. ಆಫೀಸಿನ ಚಾಟ್ ಗುಂಪಿನಲ್ಲಿ ಅವಸರವಾಗಿ ಇಂಗ್ಲಿಷ್‌ನಲ್ಲಿ ಬರೆದೆ: 'ಡ್ರೈವರ್ ಗೇವ್ ಹ್ಯಾಂಡ್, ವಿಲ್ ಬಿ ಲೇಟ್.' ದೆಹಲಿಯಲ್ಲಿದ್ದ ಮ್ಯಾನೇಜರ್ ಉತ್ತರ: 'ಒಳ್ಳೇ ಮನುಷ್ಯ! ಮತ್ತೆ ಲೇಟ್ ಯಾಕೆ?'

ತಪ್ಪು ಅವರದಲ್ಲ. ಇಂಗ್ಲಿಷ್‌ನಲ್ಲಿ ಕೈ ಕೊಟ್ಟರೆ ಸಹಾಯ ಮಾಡಿದ ಹಾಗೆ. ನಮ್ಮಲ್ಲಿ ಕೈ ಕೊಟ್ಟರೆ ನಡುನೀರಿನಲ್ಲಿ ಬಿಟ್ಟ ಹಾಗೆ. ಆ ಸಹಾಯದ ಕೈಗೆ ನಾವು 'ಒಂದು ಕೈ ಹಾಕಿ' ಅನ್ನುತ್ತೇವೆ. 'ತಲೆ ತಿನ್ನಬೇಡ' ಅನ್ನುವುದನ್ನು ಹಾಗೇ ಇಂಗ್ಲಿಷ್ ಮಾಡಿದರೆ ಎದುರಿನವರಿಗೆ ವಿಚಿತ್ರ ಅನಿಸುತ್ತದೆ, ಏನು ಅಂತ ಕೇಳುತ್ತಾರೆ. ಕೈ ಕೊಡುವುದು ಹಾಗಲ್ಲ. ಅರ್ಥ ಆಯಿತು ಅಂದುಕೊಂಡು ಮುಂದೆ ಹೋಗುತ್ತಾರೆ. ಇದೇ ಜಾಸ್ತಿ ಅಪಾಯ.

ಸರಿ, ಏನು ಬರೆಯಬೇಕಿತ್ತು? ಗೆಳೆಯರಿಗಾದರೆ 'ಡ್ರೈವರ್ ಡಿಚ್ಡ್ ಮಿ' ಸಾಕು. ಮ್ಯಾನೇಜರಿಗೆ 'ಡ್ರೈವರ್ ಡಿಡಂಟ್ ಟರ್ನ್ ಅಪ್'. ಮಿಕ್ಸಿ ಕೈ ಕೊಟ್ಟರೆ ಇವೆರಡೂ ಆಗದು, ಅದು ಕೆಟ್ಟಿದೆ ಅಷ್ಟೇ. ನಮ್ಮ ಒಂದು ಮಾತಿಗೆ ಅಲ್ಲಿ ಮೂರು ಮಾತು. ಯಾರು ಕೈ ಕೊಟ್ಟರು, ಯಾರಿಗೆ ಹೇಳುತ್ತಿದ್ದೇವೆ ಅನ್ನುವುದನ್ನು ನೋಡಿಯೇ ಆರಿಸಬೇಕು.

ಆಮೇಲೆ ಡ್ರೈವರ್ ಫೋನ್ ಮಾಡಿದ. ಕನ್ನಡದ ಗೆಳೆಯರಿಗೆ ಬರೆದೆ: 'ಐದೇ ನಿಮಿಷದಲ್ಲಿ ಬರ್ತಾನಂತೆ, ಪಾಪ.' ಇಲ್ಲಿ ಕುಟುಕೆಲ್ಲ ಇರುವುದು ಆ 'ಅಂತೆ'ಯಲ್ಲಿ. 'ಹಿ ಈಸ್ ಕಮಿಂಗ್' ಅಂದರೆ ಅದು ಹೋಯಿತು, ಅವನು ನಿಜವಾಗಿಯೂ ಬರುತ್ತಿದ್ದಾನೆ ಅಂದಹಾಗಾಯಿತು. ಕೊನೆಯಲ್ಲಿ 'ಅಪೇರೆಂಟ್ಲಿ' ಸೇರಿಸಿದರೆ ಸುಮಾರಾಗಿ ಉಳಿಯುತ್ತದೆ. 'ಪಾಪ'ವನ್ನು ಮಾತ್ರ ಬಿಟ್ಟುಬಿಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಡ್ರೈವರ್ ಯಾರದೋ ಅಪ್ಪನಾಗುತ್ತಾನೆ!

ಇನ್ನು ಜೋಕು. ನಮ್ಮ ಅತ್ತಿಗೆ ಮನೆಯವರ ಗುಂಪಿನಲ್ಲಿ ಹಾಕಿದ್ದರು: 'ಕೈ ಹಿಡಿದವರು ಊರಿಗೆ ಹೋದರು, ಮಿಕ್ಸಿ ಕೈ ಕೊಟ್ಟಿತು, ಚಟ್ನಿ ರುಬ್ಬೋಕೆ ಈಗ ನನ್ನ ಕೈಯೇ ಗತಿ.' ಒಂದೇ ಸಾಲಿನಲ್ಲಿ ಮೂರು ಕೈ. ಕನ್ನಡ ಬಾರದ ಸೊಸೆ ಏನಂತೆ ಅಂತ ಕೇಳಿದಳು. ನಾನು ಒಂದೊಂದು ಕೈಯನ್ನೂ ಬಿಡಿಸಿ ಹೇಳಲು ಹೊರಟೆ. ಎರಡನೇ ಕೈ ಮುಗಿಯುವಷ್ಟರಲ್ಲಿ ನಗು ಸತ್ತಿತ್ತು. ಅವಳ ಗಂಡ ಜಾಣ. ಕೈಗಳನ್ನೆಲ್ಲ ಬಿಟ್ಟು ಇಂಗ್ಲಿಷ್‌ನಲ್ಲಿ ಇಷ್ಟೇ ಬರೆದ: 'ಅಪ್ಪ ಊರಲ್ಲಿಲ್ಲ, ಮಿಕ್ಸಿ ಸತ್ತಿದೆ, ಇವತ್ತು ಅಮ್ಮನೇ ಮಿಕ್ಸಿ.' ಸೊಸೆ ನಕ್ಕಳು. ಮಾತಿನ ಆಟ ಹೋಯಿತು, ನಿಜ. ಆದರೆ ಅತ್ತೆಯ ಗೊಣಗಾಟ, ಅದರೊಳಗಿನ ತಮಾಷೆ ಎರಡೂ ತಲುಪಿದವು.

ಅಂದಹಾಗೆ, ಆ ಮ್ಯಾನೇಜರಿಗೆ ಆಮೇಲೆ ವಿಷಯ ತಿಳಿಸಿದೆ. ಈಗ ಇಂಟರ್ನೆಟ್ ಹೋದಾಗಲೆಲ್ಲ ಅವರೇ ಬರೆಯುತ್ತಾರೆ: 'ನೆಟ್ ಗೇವ್ ಹ್ಯಾಂಡ್.' ಹೊಸಬರು ಯಾರಾದರೂ ಗುಂಪಿಗೆ ಸೇರಿದ ದಿನ ಮಾತ್ರ, ಅದನ್ನು ನಾನೇ ಮತ್ತೆ ಬಿಡಿಸಿ ಹೇಳಬೇಕು.