ಮೊದಲ ಸಂಬಳದ ಚೀಟಿ: 28 ಸಾವಿರ ಅಂದದ್ದು 16,971 ಆದದ್ದು ಹೇಗೆ?

(ಬದಿಯಡ್ಕದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ ಯುವಕ ಯುವತಿಯರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಕಚೇರಿಗಳ ಲೆಕ್ಕಪತ್ರ ವಿಭಾಗದಲ್ಲಿ ನಾನು ಬಹಳ ವರ್ಷ ಸಂಬಳದ ಪಟ್ಟಿ ತಯಾರಿಸಿದವಳು. ಇವತ್ತು ಒಂದೇ ಒಂದು ಚೀಟಿಯನ್ನು ಸಾಲು ಸಾಲಾಗಿ ಓದೋಣ. ಇದು ನನ್ನ ತಂಗಿಯ ಮಗಳದ್ದು. ಅವಳ ಒಪ್ಪಿಗೆ ಕೇಳಿಯೇ ತಂದಿದ್ದೇನೆ.

ಅವಳು ಜೂನ್ 10ಕ್ಕೆ ಮಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ ಬಂದ ದಿನ ಸಂಜೆ ಫೋನ್ ಮಾಡಿ, “ದೊಡ್ಡಮ್ಮ, 28 ಸಾವಿರ ಅಂತ ಹೇಳಿದ್ದರು, ಬ್ಯಾಂಕಿಗೆ ಬಂದದ್ದು 16,971. ನನಗೆ ಮೋಸ ಆಯಿತಾ?” ಎಂದು ಕೇಳಿದಳು. ಸ್ವರದಲ್ಲಿ ಅಳು ಇತ್ತು. ಚೀಟಿ ಕಳಿಸು ಎಂದೆ.

ಮೊದಲು ಆ 28 ಸಾವಿರವನ್ನು ನೋಡೋಣ. ನೇಮಕದ ಪತ್ರದಲ್ಲಿ ತಿಂಗಳಿಗೆ 28,315 ಎಂದು ಇತ್ತು. ಅದರ ಮೇಲೆ ‘ಸಿಟಿಸಿ’ ಎಂದು ಬರೆದಿತ್ತು. ಹಾಗೆಂದರೆ ಅವಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಅವಳ ಕೈಗೆ ಬರುವ ಹಣ ಅಲ್ಲ. ಕಂಪನಿ ತನ್ನ ಪಾಲಿನಿಂದ ನೌಕರರ ಭವಿಷ್ಯ ನಿಧಿಯಾದ ಪಿಎಫ್‌ಗೆ ಕಟ್ಟುವ 1,560, ಪಿಎಫ್‌ನ ವಿಮೆ ಮತ್ತು ಆಡಳಿತ ಶುಲ್ಕದ 130, ಕೆಲಸ ಬಿಡುವಾಗ ಮುಂದೆಂದಾದರೂ ಕೊಡಬೇಕಾಗಬಹುದಾದ ಇಡುಗಂಟು, ಅಂದರೆ ಗ್ರಾಚ್ಯುಟಿಗೆಂದು ಲೆಕ್ಕ ಹಿಡಿದ 625, ಇಷ್ಟೂ ಅದರೊಳಗೆ ಸೇರಿವೆ. ಇವನ್ನು ಕಳೆದರೆ ಉಳಿಯುವುದು 26,000. ಅದೇ ಗ್ರಾಸ್, ಅಂದರೆ ಒಟ್ಟು ಸಂಬಳ. ಕೆಲಸಕ್ಕೆ ಸೇರುವಾಗ ಕೇಳಬೇಕಾದ ಸಂಖ್ಯೆ ಇದು. ಸಿಟಿಸಿಯನ್ನು ಹನ್ನೆರಡರಿಂದ ಗುಣಿಸಿ ಮನೆಯಲ್ಲಿ ಹೇಳಬೇಡಿ.

ಈ 26,000ದಲ್ಲಿ ಬೇಸಿಕ್ 13,000, ಮನೆ ಬಾಡಿಗೆ ಭತ್ಯೆ 5,200, ಪ್ರಯಾಣ ಭತ್ಯೆ 1,600, ವಿಶೇಷ ಭತ್ಯೆ 6,200. ಆದರೆ ಚೀಟಿಯಲ್ಲಿ ಬೇಸಿಕ್ ಎದುರು 9,100 ಎಂದಿದೆ. ಅವಳು ಅಲ್ಲಿಯೇ ಗಾಬರಿಯಾದದ್ದು. ಚೀಟಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ಸಂಬಳದ ದಿನಗಳು: 21’ ಎಂದು ಇರುವುದನ್ನು ಅವಳು ನೋಡಿರಲಿಲ್ಲ. ಜೂನ್ 10ರಿಂದ 30ರ ತನಕ 21 ದಿನ. 13,000ವನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿದರೆ 9,100 ಬರುತ್ತದೆ. ಉಳಿದ ಸಾಲುಗಳೂ ಹಾಗೆಯೇ. ಒಟ್ಟು 18,200. ಇಲ್ಲಿಯವರೆಗೆ ತಪ್ಪಿಲ್ಲ. ಯಾವ ಚೀಟಿ ಕೈಗೆ ಬಂದರೂ ಹಣಕ್ಕಿಂತ ಮೊದಲು ಆ ದಿನಗಳ ಲೆಕ್ಕ ನೋಡಿ.

ಈಗ ಬಲಗಡೆಯ ಕಡಿತಗಳು. ಅವಳ ಚೀಟಿಯಲ್ಲಿ ಎರಡೇ ಸಾಲು: ಪಿಎಫ್ 1,092, ನೌಕರರ ಚಿಕಿತ್ಸೆಯ ವಿಮೆಯಾದ ಇಎಸ್‌ಐ 137.

ಪಿಎಫ್ ಕಡಿತ ಒಟ್ಟು ಸಂಬಳದ ಮೇಲಲ್ಲ. ಇವಳ ಚೀಟಿಯಲ್ಲಿ ಅದನ್ನು ಬೇಸಿಕ್ ಮೇಲೆ ಶೇಕಡಾ 12ರಂತೆ ಹಿಡಿದಿದ್ದಾರೆ. ತುಟ್ಟಿಭತ್ಯೆ ಇರುವ ಕಡೆ ಅದೂ ಸೇರುತ್ತದೆ. 9,100ಕ್ಕೆ ಶೇಕಡಾ 12 ಎಂದರೆ 1,092. ಸರಿಯಾಗಿದೆ. ಕಂಪನಿಯೂ ಅಷ್ಟೇ 1,092 ಹಾಕಬೇಕು. ಆದರೆ ಕಂಪನಿಯ ಪಾಲು ಪೂರ್ತಿಯಾಗಿ ಪಿಎಫ್‌ಗೆ ಹೋಗುವುದಿಲ್ಲ. ಅದರಲ್ಲಿ ಬೇಸಿಕ್‌ನ ಶೇಕಡಾ 8.33, ಅಂದರೆ 758 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತದೆ. ಉಳಿದ 334 ಮಾತ್ರ ಅವಳ ಪಿಎಫ್ ಖಾತೆಗೆ.

ಈ ಮೂರು ಸಂಖ್ಯೆಗಳನ್ನು ನೆನಪಿಡಿ: 1,092, 334, 758. ಪಿಎಫ್ ಪಾಸ್‌ಬುಕ್ ತೆರೆದರೆ ಜೂನ್ ತಿಂಗಳ ಸಾಲಿನಲ್ಲಿ ಇವೇ ಮೂರು ಪಕ್ಕಪಕ್ಕ ಕಾಣಬೇಕು. ಮೊದಲ ಎರಡಕ್ಕೆ ವರ್ಷ ವರ್ಷ ಬಡ್ಡಿ ಸೇರುತ್ತದೆ. 2024-25ಕ್ಕೆ ಅದು ಶೇಕಡಾ 8.25 ಇತ್ತು. ಮೂರನೆಯದಕ್ಕೆ ಬಡ್ಡಿ ಇಲ್ಲ. ಅದು ನಿಮ್ಮ ಹೆಸರಿನ ಉಳಿತಾಯ ಅಲ್ಲ, ಹತ್ತು ವರ್ಷ ಸೇವೆ ಆದವರಿಗೆ ಮುಂದೆ ಪಿಂಚಣಿ ಕೊಡುವ ನಿಧಿ. ಇದು ತಿಳಿಯದೆ, “ಕಂಪನಿ ನನ್ನಷ್ಟೇ ಹಾಕಬೇಕಿತ್ತು, ಕಡಿಮೆ ಹಾಕಿದೆ” ಎಂದು ಜಗಳಕ್ಕೆ ಹೋದವರನ್ನು ನಾನು ಎಷ್ಟೋ ಸಲ ಕೂರಿಸಿ ಸಮಾಧಾನ ಮಾಡಿದ್ದೇನೆ.

ಮುಂದಿನದು ಇಎಸ್‌ಐ 137. ಈ ಸಾಲು ತಪ್ಪು. ಹೇಗೆ ಎಂದು ನೋಡಿ. ತಿಂಗಳ ಸಂಬಳ 21,000ದ ಒಳಗೆ ಇರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ನೌಕರರಿಂದ ಶೇಕಡಾ 0.75 ಹಿಡಿಯುತ್ತಾರೆ. ಇವಳ ಸಂಬಳ 26,000, ಹಾಗಾಗಿ ಇವಳು ಅದರ ಹೊರಗೆ. ಆದರೆ ಮೊದಲ ತಿಂಗಳು 21 ದಿನಕ್ಕೆ ಬಂದದ್ದು 18,200. ಕಂಪ್ಯೂಟರಿನಲ್ಲಿ ಯಾರೋ ‘21,000ಕ್ಕಿಂತ ಕಡಿಮೆ ಇದ್ದರೆ ಹಿಡಿ’ ಎಂದು ಬರೆದಿಟ್ಟಿದ್ದರು, ಅದು ಹಿಡಿಯಿತು. ನೋಡಬೇಕಾದದ್ದು ತಿಂಗಳ ನಿಗದಿತ ಸಂಬಳವನ್ನು, ಆ ತಿಂಗಳು ಕೈಗೆ ಬಂದದ್ದನ್ನಲ್ಲ. ತಿಂಗಳ ನಡುವೆ ಸೇರಿದವರಿಗೆ ಇದು ಸಾಮಾನ್ಯವಾಗಿ ಆಗುವ ತಪ್ಪು. ಅವಳು ಎರಡು ಸಾಲಿನ ಇ-ಮೇಲ್ ಬರೆದಳು, ಮುಂದಿನ ತಿಂಗಳು 137 ವಾಪಸ್ ಬಂತು.

ಅದೇ ಮುಂದಿನ ತಿಂಗಳು ಹೊಸ ಸಾಲೊಂದು ಕಾಣಿಸಿತು: ವೃತ್ತಿ ತೆರಿಗೆ 200. ಗಡಿಯಲ್ಲಿರುವ ನಮಗೆ ಇದು ಸ್ವಲ್ಪ ಗೊಂದಲದ ವಿಷಯ. ಕರ್ನಾಟಕದಲ್ಲಿ ಇದು ರಾಜ್ಯ ಸರಕಾರಕ್ಕೆ ಹೋಗುವ ತೆರಿಗೆ. ತಿಂಗಳ ಸಂಬಳ 25,000 ಮುಟ್ಟಿದರೆ 200, ಫೆಬ್ರವರಿಯಲ್ಲಿ ಮಾತ್ರ 300. ಮೊದಲ ತಿಂಗಳು 18,200 ಆದ ಕಾರಣ ಹಿಡಿಯಲಿಲ್ಲ. ನಮ್ಮ ಕೇರಳದಲ್ಲಾದರೆ ಪಂಚಾಯತ್ ಅಥವಾ ನಗರಸಭೆ ಆರು ತಿಂಗಳಿಗೊಮ್ಮೆ ವಸೂಲು ಮಾಡುತ್ತದೆ. ತಲಪಾಡಿ ದಾಟಿ ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಎಲ್ಲಿ ಕಟ್ಟಬೇಕು? ಕೆಲಸ ಮಾಡುವ ಜಾಗದಲ್ಲಿ. ಮನೆ ಬದಿಯಡ್ಕದಲ್ಲಿದ್ದರೂ ಇವಳ ತೆರಿಗೆ ಕರ್ನಾಟಕಕ್ಕೆ. ಹಾಗಾಗಿ ಕುಂಬಳೆಯಲ್ಲಿ ದುಡಿಯುವ ಗೆಳತಿಯ ಚೀಟಿಯನ್ನೂ ಇವಳದನ್ನೂ ಪಕ್ಕದಲ್ಲಿಟ್ಟರೆ ಈ ಸಾಲು ಹೊಂದುವುದಿಲ್ಲ.

ಪೂರ್ತಿ ತಿಂಗಳಿಗೆ ಅವಳ ಲೆಕ್ಕ ಸುಲಭ: 26,000ದಿಂದ ಪಿಎಫ್ 1,560, ವೃತ್ತಿ ತೆರಿಗೆ 200 ಕಳೆದು 24,240. ಕಂಪನಿಯ ಪಾಲಿನ 1,560ವನ್ನು ಸಿಟಿಸಿಯಲ್ಲಿ ತೋರಿಸಿದ್ದಾರೆ, ಅದು ಅಲ್ಲಿಗೇ ಮುಗಿಯಬೇಕು. ಈ 26,000ದಿಂದ ಮತ್ತೊಮ್ಮೆ ಅದನ್ನು ಕಡಿತ ಮಾಡಿದ್ದರೆ, ಅಂದರೆ ಪಿಎಫ್ ಎದುರು 3,120 ಇದ್ದರೆ, ಕಾನೂನು ಅದಕ್ಕೆ ಒಪ್ಪುವುದಿಲ್ಲ. ಕೂಡಲೇ ಕೇಳಿ.

ಕೊನೆಯದು ಚೀಟಿಯಲ್ಲಿ ಕಾಣದ ವಿಷಯ. ಚೀಟಿಯಲ್ಲಿ ‘ಪಿಎಫ್ 1,092’ ಎಂದಿದ್ದರೆ ನಿಮ್ಮಿಂದ ಹಿಡಿದಿದ್ದಾರೆ ಎಂದಷ್ಟೇ ಅರ್ಥ, ಕಟ್ಟಿದ್ದಾರೆ ಎಂದಲ್ಲ. ಜೂನ್ ತಿಂಗಳದ್ದನ್ನು ಜುಲೈ 15ರ ಒಳಗೆ ಕಟ್ಟಬೇಕು. ಅದಾಗಿ ಕೆಲವು ದಿನ ಬಿಟ್ಟು ಪಾಸ್‌ಬುಕ್ ನೋಡಿ. ನಿಮ್ಮ ಪಿಎಫ್ ಖಾತೆಯ ಯುಎಎನ್ ಎಂಬ 12 ಅಂಕಿಯ ಸಂಖ್ಯೆ ಚಾಲ್ತಿಯಾಗಿದ್ದು, ಅದಕ್ಕೆ ನಿಮ್ಮ ಮೊಬೈಲ್ ಜೋಡಿಸಿದ್ದರೆ 7738299899ಕ್ಕೆ ಈ ಸಂದೇಶ ಕಳಿಸಿದರೂ ಸಾಕು:

```
EPFOHO UAN KAN
```

ಕೊನೆಯ ಮೂರು ಅಕ್ಷರ ಹಾಕಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ನಿಮ್ಮ ಅಪ್ಪ ಅಮ್ಮನಿಗೂ ಓದಿ ತೋರಿಸಬಹುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಕೆಲಸದಲ್ಲಿ 14 ತಿಂಗಳು ನನ್ನಿಂದ ಪಿಎಫ್ ಹಿಡಿದಿದ್ದರು, ಕಟ್ಟಿದ್ದು 9 ತಿಂಗಳದ್ದು ಮಾತ್ರ. ಆಗ ಮೊಬೈಲ್ ಇಲ್ಲ, ವರ್ಷಕ್ಕೊಮ್ಮೆ ಕಾಗದದ ಲೆಕ್ಕ ಬರುತ್ತಿತ್ತು. ಕೆಲಸ ಬಿಟ್ಟ ಮೇಲೆ ನನಗೆ ಗೊತ್ತಾಯಿತು. ಸಂಬಳದ ಚೀಟಿಗಳನ್ನು ಅಮ್ಮ ಅಕ್ಕಿ ಡಬ್ಬದ ಮೇಲಿನ ಹಲಗೆಯಲ್ಲಿ ಸುತ್ತಿ ಇಟ್ಟಿದ್ದರು. ಆ ಐದು ತಿಂಗಳ ಚೀಟಿಗಳ ನಕಲು ಜೋಡಿಸಿ ಪಿಎಫ್ ಕಚೇರಿಗೆ ದೂರು ಕೊಟ್ಟೆ. ಅವರು ವಿಚಾರಣೆ ಮಾಡಿ ವಸೂಲು ಮಾಡಿದರು, ಹಣ ಖಾತೆಗೆ ಬಂತು. ನನ್ನ ಜೊತೆ ದುಡಿದ ಇಬ್ಬರ ಹತ್ತಿರ ಚೀಟಿ ಇರಲಿಲ್ಲ. ಅವರು ದೂರು ಕೊಡಲು ಮುಂದೆ ಬರಲೇ ಇಲ್ಲ.

ಈಗ ನಿಮ್ಮ ನಿಮ್ಮ ಚೀಟಿ ತೆರೆಯಿರಿ. ಮೊದಲು ದಿನಗಳ ಸಂಖ್ಯೆ ಹುಡುಕಿ, ಅಲ್ಲಿಂದ ಶುರು ಮಾಡೋಣ.