ನಿಲ್ಲಬೇಕಾದ ಪಟ್ಟಿ ಯಾಕೆ ಜಾರುತ್ತಿತ್ತು?

ಸ್ಕ್ರೀನ್ ಕಾಣಿಸುತ್ತಿದೆ ಅಲ್ವಾ? ಇದು ನಮ್ಮ ಅತ್ತೆಯ ಅಡುಗೆ ಚಾನೆಲ್‌ಗೆ ಮಾಡುತ್ತಿರುವ ಲೋವರ್ ಥರ್ಡ್. ಕೆಂಪು ಪಟ್ಟಿ, ಮೇಲೆ 'ಹುರುಳಿಕಾಳು ಬಸ್ಸಾರು' ಅಂತ ಹೆಸರು. ಎಡದಿಂದ ಬರಬೇಕು, ನಾಲ್ಕು ಸೆಕೆಂಡ್ ನಿಲ್ಲಬೇಕು, ಬಂದ ದಾರಿಯಲ್ಲೇ ಹೋಗಬೇಕು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪೊಸಿಷನ್‌ಗೆ ನಾಲ್ಕು ಕೀಫ್ರೇಮ್ ಸಾಕು, ಅಂದರೆ ಯಾವ ಕ್ಷಣಕ್ಕೆ ಪಟ್ಟಿ ಎಲ್ಲಿರಬೇಕು ಅನ್ನುವ ನಾಲ್ಕು ಗುರುತು. ಒಳಗೆ ಬರಲು 12 ಫ್ರೇಮ್ ಇಟ್ಟಿದ್ದೇನೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಅರ್ಧ ಸೆಕೆಂಡ್.

ಚಲನೆ ಮೆತ್ತಗೆ ಶುರುವಾಗಿ ಮೆತ್ತಗೆ ನಿಲ್ಲಲಿ ಅಂತ, ಅಂದರೆ ಈಸಿಂಗ್‌ಗೆ, ಎಲ್ಲ ಕೀಫ್ರೇಮಿಗೂ F9 ಒತ್ತುವುದು ನನಗೆ ಇಷ್ಟವಿಲ್ಲ. ಪಟ್ಟಿ ಹೊರಡುವುದೇ ಫ್ರೇಮಿನ ಆಚೆಯಿಂದ, ಅಲ್ಲಿ ನಿಧಾನವಾಗಿ ಶುರುವಾದರೆ ಯಾರಿಗೂ ಕಾಣುವುದಿಲ್ಲ, ಸುಮ್ನೆ ತಡವಾಗಿ ಬಂದ ಹಾಗಿರುತ್ತದೆ. ಅದಕ್ಕೆ ಮೊದಲನೆಯದನ್ನು ಮುಟ್ಟಿಲ್ಲ. ಬಂದು ನಿಲ್ಲುವ ಎರಡನೆಯದಕ್ಕೆ, ಬರುವ ಕಡೆ ಮಾತ್ರ ಮೆತ್ತಗಾಗಲಿ ಅಂತ Shift+F9, ಆಮೇಲೆ ಇನ್‌ಫ್ಲುಯೆನ್ಸ್ 33ರಿಂದ 75ಕ್ಕೆ. ನೋಡಿ, ರಭಸವಾಗಿ ಬಂದು ಮೆತ್ತಗೆ ನಿಂತಿತು. ಲೋಗೋ ಪರದೆಯ ಮಧ್ಯದಲ್ಲೇ ದೊಡ್ಡದಾಗುವಾಗ ಮಾತ್ರ F9 ಚೆನ್ನಾಗಿಯೇ ಕೂರುತ್ತದೆ, ಅದನ್ನು ಒಪ್ಪುತ್ತೇನೆ.

ಈಗ ನನ್ನ ಎರಡು ಸಂಜೆ ತಿಂದ ವಿಷಯ. ಎರಡನೇ ಮತ್ತು ಮೂರನೇ ಕೀಫ್ರೇಮ್‌ಗಳ ಬೆಲೆ ಒಂದೇ, 480, 900. ಅಂದರೆ ಪಟ್ಟಿ ಅಲ್ಲಾಡಲೇಬಾರದು. ಆದರೂ ಮೆಲ್ಲಗೆ ಬಲಕ್ಕೆ ಜಾರಿ ವಾಪಸ್ ಬರುತ್ತಿತ್ತು! ಕಣ್ಣಿಗೇನೋ ಆಗಿದೆ ಅಂದುಕೊಂಡೆ. ಪೂರ್ತಿ ವಿಡಿಯೊ ರೆಂಡರ್ ಮಾಡಿ ಟಿವಿಯಲ್ಲಿ ಹಾಕಿದರೆ, ಅತ್ತೆಯೇ "ಹೆಸರು ಯಾಕೆ ಓಡಾಡ್ತಿದೆ?" ಅಂದರು. ಈಸಿಂಗ್ ಬದಲಿಸಿದೆ, ತೆಗೆದೇಬಿಟ್ಟೆ, ಆದರೂ ಜಾರಿತು. ಕೊನೆಗೆ Ctrl+R ಒತ್ತಿ ರೂಲರ್‌ನಿಂದ ಒಂದು ಗೈಡ್ ಎಳೆದು ಪಟ್ಟಿಯ ಅಂಚಿಗೆ ಇಟ್ಟು ನೋಡಿದಾಗ ಗೊತ್ತಾಯಿತು, ನಿಜವಾಗಿಯೂ ಸರಿಯುತ್ತಿದೆ.

ಕಾರಣ ಇಷ್ಟೇ. ಈಸಿಂಗ್ ಮುಟ್ಟುವುದು ವೇಗವನ್ನು. ಪೊಸಿಷನ್‌ಗೆ ಅದರ ಜೊತೆ ಸಾಗುವ ದಾರಿ ಅಂತಲೂ ಒಂದಿದೆ, ಆ ದಾರಿ ತಾನಾಗಿಯೇ ಬಾಗುತ್ತದೆ. ಎಡದಿಂದ ಬಂದ ಬಾಗು ನಿಲ್ಲುವ ಜಾಗ ದಾಟಿ ಮುಂದೆ ಚಾಚಿಕೊಳ್ಳುತ್ತದೆ, ಪಟ್ಟಿ ಅದರ ಹಿಂದೆಯೇ ಹೋಗಿ ಬರುತ್ತದೆ. F9 ಎಷ್ಟು ಸಲ ಒತ್ತಿದರೂ ಅದು ಹೋಗುವುದಿಲ್ಲ.

ಮಧ್ಯದ ಎರಡು ಕೀಫ್ರೇಮ್ ಆರಿಸಿ, Keyframe Interpolation ತೆರೆದು, Spatial Interpolation ಎಂಬಲ್ಲಿ Linear ಮಾಡಿದೆ. ಆಯಿತು. ಪ್ರತಿ ಸಲ ಈ ಗೋಳು ಬೇಡ ಅಂದರೆ ಪ್ರಿಫರೆನ್ಸಸ್‌ನಲ್ಲಿ Default Spatial Interpolation to Linear ಅಂತಿದೆ, ಟಿಕ್ ಹಾಕಿಬಿಡಿ. ವಕ್ರ ದಾರಿ ಬೇಕಾದ ದಿನ ಕೈಯಲ್ಲೇ ಬಾಗಿಸಿಕೊಳ್ಳಬಹುದು.

ಅಯ್ಯೋ, ಒಂದ್ನಿಮಿಷ. 'ಸ್ಸಾ'ದ ಒತ್ತಿನ ಬಾಲ ಮಾಸ್ಕಿನಲ್ಲಿ ಕತ್ತರಿಸಿ ಹೋಗಿದೆ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಟೆಂಪ್ಲೇಟ್‌ಗಳಲ್ಲಿ ಇದೊಂದು ತಲೆನೋವು, ಕೆಳಗೆ ಜಾಗವೇ ಬಿಟ್ಟಿರುವುದಿಲ್ಲ. ಮಾಸ್ಕ್ 20 ಪಿಕ್ಸೆಲ್ ಕೆಳಗೆ ಎಳೆದೆ. ಪ್ಲೇ ಮಾಡುತ್ತೇನೆ, ಅಂಚು ನೋಡಿ, ಗೈಡಿಗೆ ಅಂಟಿ ನಿಂತಿದೆ. ಹಾಂ, ಹೋಯಿತು.